ಸಿಟ್ಟಿನಲ್ಲಿ ಬರೆದ ಪೋಸ್ಟ್: ನಾಲ್ಕು ತಪ್ಪು ಕಲ್ಪನೆಗಳು ಮತ್ತು ಸತ್ಯ

2025ರ ಏಪ್ರಿಲ್‌ನಲ್ಲಿ ಮೈಸೂರಿನ ನಜರ್‌ಬಾದ್ ಬಳಿಯ ಹೈದರಾಲಿ ರಸ್ತೆಯಲ್ಲಿ, ರಸ್ತೆ ಅಗಲ ಮಾಡಲೆಂದು 40 ಮರಗಳನ್ನು ಕಡಿದರು. ಊರು ಕೆರಳಿತು. ಜನ ಮೇಣದ ಬತ್ತಿ ಹಿಡಿದು ಪ್ರತಿಭಟಿಸಿದರು. ಆ ಸಿಟ್ಟು ನ್ಯಾಯವಾದದ್ದು. ಆದರೆ ನ್ಯಾಯವಾದ ಸಿಟ್ಟಿನಲ್ಲಿ ಬರೆದ ಪೋಸ್ಟ್ ಕೂಡ ಬರೆದವರಿಗೇ ತಿರುಗುಬಾಣ ಆಗಬಲ್ಲದು. ಸಿಟ್ಟು ಬಂದಾಗ ನಾವು ಬರೆಯುವ ಹತ್ತು ಸಾಲುಗಳಲ್ಲಿ ಮೂರು ಬಗೆಯ ಮಾತು ಬೆರೆತಿರುತ್ತದೆ: ಏನು ನಡೆಯಿತು ಎಂಬುದು, ಅದನ್ನು ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬ ನಮ್ಮ ಊಹೆ, ಮತ್ತು ನಮಗೆ ಬೇಕಾದದ್ದು. ಪೋಸ್ಟಿನ ಬಲವೆಲ್ಲ ಮೊದಲನೆಯದರಲ್ಲೂ ಮೂರನೆಯದರಲ್ಲೂ ಇರುತ್ತದೆ. ಆಮೇಲೆ ಪಶ್ಚಾತ್ತಾಪಕ್ಕೆ ಕಾರಣವಾಗುವುದು ಹೆಚ್ಚಾಗಿ ನಡುವಿನ ಊಹೆ ಮತ್ತು ಅದಕ್ಕೆ ಅಂಟಿಕೊಂಡ ಬೈಗುಳ. ಅವನ್ನು ತೆಗೆದರೆ ಮಾತು ಸೊರಗುವುದಿಲ್ಲ. ಹಾಗೆ ಸೊರಗುತ್ತದೆ ಎಂದು ನಂಬಿಸುವ ನಾಲ್ಕು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬರೆದು ಹಾಕಿಬಿಟ್ಟರೆ ಸಿಟ್ಟು ಇಳಿಯುತ್ತದೆ

ಸತ್ಯ: ಒಳಗಿನದನ್ನು ಕಾರಿಕೊಂಡರೆ ಹಗುರಾಗುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ತಮ್ಮ ಬರಹವನ್ನು ಹೀಗಳೆದವನ ಮೇಲೆ ಕೆರಳಿದ್ದ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಅವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿತು, ಇನ್ನೊಂದು ಗುಂಪು ಏನೂ ಮಾಡದೆ ಕುಳಿತಿತ್ತು. ಗುದ್ದಿದವರ ಸಿಟ್ಟೇ ಹೆಚ್ಚಾಗಿ ಉಳಿಯಿತು. 2024ರಲ್ಲಿ ಸೋಫಿ ಶೆರ್ವಿಕ್ ಮತ್ತು ಬುಶ್‌ಮನ್ 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಇದೇ ಕಂಡಿತು: ಸಿಟ್ಟನ್ನು ಇಳಿಸುವುದು ದೇಹದ ಉದ್ವೇಗವನ್ನು ತಗ್ಗಿಸುವ ಕೆಲಸಗಳು, ಸಿಟ್ಟನ್ನು ಹೊರಹಾಕುವುದಲ್ಲ. ಪೋಸ್ಟ್ ಹಾಕಿದ ಮೇಲೆ ಉದ್ವೇಗ ತಗ್ಗಲು ಅವಕಾಶವೇ ಇರುವುದಿಲ್ಲ. ಯಾರು ಏನಂದರು ಎಂದು ನೋಡುತ್ತಲೇ ಇರುತ್ತೇವೆ, ಎದುರುತ್ತರಕ್ಕೆ ಮತ್ತೆ ಉತ್ತರಿಸುತ್ತೇವೆ, ಕೆರಳಿಸಿದ ಸಂಗತಿಯನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತೇವೆ.

ಹಾಗಾದರೆ ಸಿಟ್ಟಿನಲ್ಲಿ ಬರೆಯಲೇಬಾರದೇ? ಬರೆಯಬಹುದು. ಬಿಸಿಯಲ್ಲಿ ಬರೆದ ಕರಡಿನಲ್ಲಿ, ತಣ್ಣಗಾದ ಮೇಲೆ ಮರೆತುಹೋಗುವ ವಿವರಗಳು ಉಳಿದಿರುತ್ತವೆ. ಬರೆಯುವ ಜಾಗ ಮಾತ್ರ ಬೇರೆ ಇರಬೇಕು. ಫೇಸ್‌ಬುಕ್ಕಿನ ಅಥವಾ ವಾಟ್ಸ್‌ಆ್ಯಪ್ ಗುಂಪಿನ ಚೌಕದಲ್ಲೇ ಬರೆದರೆ ಕಳಿಸುವ ಗುಂಡಿ ಬೆರಳಿನ ಪಕ್ಕದಲ್ಲೇ ಇರುತ್ತದೆ. ಫೋನಿನ ಟಿಪ್ಪಣಿ ಪುಟದಲ್ಲೋ ಕಾಗದದಲ್ಲೋ ಬರೆದಿಟ್ಟು, ಒಂದು ರಾತ್ರಿ ಕಳೆದ ಮೇಲೆ ತಿದ್ದಲು ಕೂರುವುದು ಒಳ್ಳೆಯದು.

ತಪ್ಪು ಕಲ್ಪನೆ 2: ತಿದ್ದಿದರೆ ಮಾತಿನ ಮೊನೆ ಮೊಂಡಾಗುತ್ತದೆ

ಸತ್ಯ: ಈ ಕಲ್ಪನೆಗೆ ಅರ್ಧ ಆಧಾರವಿದೆ. ವಿಲಿಯಂ ಬ್ರೇಡಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೈತಿಕ ಆಕ್ರೋಶದಂಥ ಭಾವ ತುಂಬಿದ ಪದ ಒಂದೊಂದು ಹೆಚ್ಚಾದಂತೆಲ್ಲ ಟ್ವೀಟಿನ ಹಂಚಿಕೆ ಸುಮಾರು ಶೇ 20ರಷ್ಟು ಏರುವುದು ಕಂಡುಬಂತು. ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ನೋಡಬೇಕು. ಆ ಹರಡುವಿಕೆ ಹೆಚ್ಚಾಗಿ ನಡೆದದ್ದು ಬರೆದವರ ಅಭಿಪ್ರಾಯವನ್ನು ಮೊದಲೇ ಒಪ್ಪಿದ್ದವರ ಬಳಗದೊಳಗೆ. ಮರ ಕಡಿದದ್ದಕ್ಕೆ ಉತ್ತರ ಕೊಡಬೇಕಾದವರು, ಇನ್ನೂ ಯಾವ ಕಡೆಗೂ ವಾಲದವರು ಇರುವುದು ಆ ಬಳಗದ ಆಚೆ. ಚಪ್ಪಾಳೆ ಬೇಕಿದ್ದರೆ ಆಕ್ರೋಶ ಸಾಕು, ಉತ್ತರ ಬೇಕಿದ್ದರೆ ಸಾಲದು.

ಹೈದರಾಲಿ ರಸ್ತೆಯ ವಿಷಯದಲ್ಲಿ ಒಬ್ಬರು ಬರೆಯಬಹುದಾಗಿದ್ದ ಕರಡೊಂದನ್ನು ಕಲ್ಪಿಸಿಕೊಳ್ಳೋಣ: “ರಾತ್ರೋರಾತ್ರಿ 40 ಮರಗಳ ಕೊಲೆ! ದುಡ್ಡು ತಿಂದ ಅಧಿಕಾರಿಗಳು ಊರನ್ನೇ ಮಾರುತ್ತಿದ್ದಾರೆ. ಮಾನ ಮರ್ಯಾದೆ ಇಲ್ಲದ ಇವರನ್ನು ಮನೆಗೇ ಹೋಗಿ ವಿಚಾರಿಸಬೇಕು. ಈಗಲಾದರೂ ಮರ ಉಳಿಸಿ.” ಪ್ರತಿ ಸಾಲಿನ ಪಕ್ಕದಲ್ಲೂ ಅದು ಕಂಡದ್ದೋ, ಊಹಿಸಿದ್ದೋ, ಬೈದದ್ದೋ, ಬೇಡಿಕೆಯೋ ಎಂದು ಗುರುತು ಹಾಕುತ್ತ ಹೋಗೋಣ. 40 ಮರ ಎಂಬುದು ಸಂಗತಿ. ‘ರಾತ್ರೋರಾತ್ರಿ’ ಎಂಬುದು ಬರೆದವರು ಕಣ್ಣಾರೆ ನೋಡಿದ್ದೋ ಯಾರೋ ಹೇಳಿದ್ದೋ ಎಂದು ಖಚಿತ ಮಾಡಿಕೊಂಡು ಉಳಿಸಬೇಕಾದ ಮಾತು. ‘ದುಡ್ಡು ತಿಂದ’ ಎಂಬುದು ಊಹೆ. ‘ಮಾನ ಮರ್ಯಾದೆ ಇಲ್ಲದ’ ಎಂಬುದು ಬೈಗುಳ. ಮನೆಗೆ ಹೋಗುವ ಮಾತು ಬೆದರಿಕೆಯಂತೆ ಕೇಳುತ್ತದೆ, ಬರೆದವರ ಮನಸ್ಸಿನಲ್ಲಿ ಅದು ಬರೀ ಸಿಟ್ಟಿನ ಮಾತಾಗಿದ್ದರೂ. ‘ಮರ ಉಳಿಸಿ’ ಎಂಬುದು ಬೇಡಿಕೆ, ಆದರೆ ಯಾರು ಏನು ಮಾಡಬೇಕು ಎಂಬುದು ಅದರಲ್ಲಿಲ್ಲ.

ಈಗ ಊಹೆ, ಬೈಗುಳ, ಬೆದರಿಕೆಗಳನ್ನು ತೆಗೆದರೆ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಸಂಗತಿ ಬರಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರಿಂದ ಆಕ್ಷೇಪಣೆ ಕೇಳಬೇಕು. 40 ಎಂಬ ಸಂಖ್ಯೆ ಆ ಗಡಿಯ ಕೆಳಗೆ ಬರುತ್ತದೆ. ಇದು ಗೊತ್ತಾದ ಮೇಲೆ ಕರಡು ಹೀಗಾಗುತ್ತದೆ: “ಹೈದರಾಲಿ ರಸ್ತೆಯಲ್ಲಿ 40 ಮರಗಳನ್ನು ಕಡಿದಿದ್ದಾರೆ. 50ಕ್ಕಿಂತ ಹೆಚ್ಚಿದ್ದಿದ್ದರೆ ಕಾಯ್ದೆಯ ಪ್ರಕಾರ ನಮ್ಮನ್ನು ಕೇಳಲೇಬೇಕಿತ್ತು. 40 ಮರ ಹೋಗುವಾಗ ಊರಿನವರನ್ನು ಕೇಳುವ ಕಡ್ಡಾಯವಿಲ್ಲ ಎಂಬುದು ನನಗೆ ಸಿಟ್ಟು ತರಿಸಿದೆ. ಅನುಮತಿ ಆದೇಶದ ಪ್ರತಿಯನ್ನು ಪ್ರಕಟಿಸಿ. ಮರ ಉಳಿಸಿಕೊಂಡೇ ರಸ್ತೆ ಮಾಡುವ ದಾರಿಯನ್ನು ಪರಿಶೀಲಿಸಿದ್ದಿರಾ, ತಿಳಿಸಿ. ಬದಲಿ ಸಸಿಗಳನ್ನು ಎಲ್ಲಿ ನೆಡುತ್ತೀರಿ, ಯಾರು ನೀರು ಹಾಕುತ್ತಾರೆ, ಹೇಳಿ.” ಸಿಟ್ಟು ಇಲ್ಲೂ ಇದೆ, ಅದನ್ನು ಬಾಯಿಬಿಟ್ಟು ಹೇಳಿಯೂ ಇದೆ. ಆದರೆ ಮೊದಲ ಕರಡಿಗೆ ‘ನಾನು ದುಡ್ಡು ತಿಂದಿಲ್ಲ’ ಎಂದು ಹೇಳಿ ಅಧಿಕಾರಿ ಪಾರಾಗಬಹುದಿತ್ತು, ಚರ್ಚೆ ಮರ ಬಿಟ್ಟು ಮಾನದ ಕಡೆಗೆ ಹೊರಳುತ್ತಿತ್ತು. ಎರಡನೆಯದಕ್ಕೆ ಆದೇಶದ ಪ್ರತಿ ತೋರಿಸುವುದು ಬಿಟ್ಟರೆ ಬೇರೆ ಉತ್ತರವಿಲ್ಲ.

ತಿದ್ದಿದ ಮೇಲೆ ಆರೋಪಕ್ಕೆ ಒಳಗಾದವರ ಜಾಗದಲ್ಲಿ ಕೂತು ಒಮ್ಮೆ ಓದಬೇಕು. ನಮ್ಮ ದನಿ ಓದುಗರಿಗೆ ಕೇಳಿಸುತ್ತದೆ ಎಂದು ನಾವು ಅಂದುಕೊಳ್ಳುವಷ್ಟು ಅದು ಕೇಳಿಸುವುದಿಲ್ಲ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರ 2005ರ ಪ್ರಯೋಗದಲ್ಲಿ, ತಮ್ಮ ಇ-ಮೇಲ್ ವ್ಯಂಗ್ಯವೋ ಗಂಭೀರವೋ ಎಂಬುದು ಶೇ 78ರಷ್ಟು ಸಲ ಓದುವವರಿಗೆ ತಿಳಿಯುತ್ತದೆ ಎಂದು ಬರೆದವರು ಅಂದಾಜಿಸಿದ್ದರು. ನಿಜಕ್ಕೂ ತಿಳಿದದ್ದು ಶೇ 56ರಷ್ಟು ಸಲ, ಅಂದರೆ ಕುರುಡಾಗಿ ಊಹಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು. ವ್ಯಂಗ್ಯದಲ್ಲಿ ಅಂದ ಮಾತು ಬಂದಾಗಲೆಲ್ಲ ಅದನ್ನು ನೇರ ಮಾತಾಗಿ ಬದಲಿಸುವುದೇ ಸರಿ.

ತಪ್ಪು ಕಲ್ಪನೆ 3: ಹೇಳುವುದು ನಿಜ, ಹೆಸರೂ ಬರೆದಿಲ್ಲ, ಇನ್ನೇನು ಭಯ?

ಸತ್ಯ: ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದ್ದರಿಂದ ಆನ್‌ಲೈನ್ ಬರಹಕ್ಕೆ ಇನ್ನು ಕಾನೂನಿನ ಕಾಟವಿಲ್ಲ ಎಂದು ಹಲವರು ತಿಳಿದಿದ್ದಾರೆ. ಆದರೆ ಮಾನನಷ್ಟದ ಅಪರಾಧ ಹಾಗೇ ಉಳಿದಿದೆ. 2016ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆಗಿದೆ. ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ ಅದರ ಶಿಕ್ಷೆ. ಈ ಕಲಮಿನಡಿ ಮಾತು ನಿಜವಾಗಿದ್ದರಷ್ಟೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಹೆಸರು ಬಿಟ್ಟರೂ ಹುದ್ದೆ, ಕಚೇರಿ, ರಸ್ತೆ ಸೇರಿಸಿ ಓದಿದಾಗ ಯಾರೆಂದು ಗೊತ್ತಾದರೆ ಹೆಸರು ಬರೆದಂತೆಯೇ. ವ್ಯಂಗ್ಯವಾಗಿ ಹೇಳಿದ್ದೂ ಮಾನನಷ್ಟ ಆಗಬಹುದು ಎಂದು ಕಲಮೇ ವಿವರಿಸುತ್ತದೆ.

ಇದೇ ಕಲಂ ಕಾಪಾಡುವುದೇನನ್ನು ಎಂಬುದನ್ನೂ ಗಮನಿಸಬೇಕು. ಸರ್ಕಾರಿ ನೌಕರರು ತಮ್ಮ ಹುದ್ದೆಯ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದಕ್ಕೆ ಅಲ್ಲಿ ವಿನಾಯಿತಿ ಇದೆ. ‘ಈ ನಿರ್ಧಾರ ತಪ್ಪು, ಊರಿಗೆ ಅನ್ಯಾಯ’ ಎನ್ನುವ ಮಾತಿಗೆ ಆ ಆಸರೆ ಸಿಗುತ್ತದೆ. ‘ಲಂಚ ತಿಂದು ನಿರ್ಧರಿಸಿದರು’ ಎಂದರೆ ಅದು ಅಭಿಪ್ರಾಯವಲ್ಲ, ರುಜುವಾತು ಬೇಡುವ ಆರೋಪ. ಲಂಚದ ಸಂಶಯ ನಿಜವಾಗಿಯೂ ಇದ್ದರೆ ಅದಕ್ಕೆ ಬೇರೆ ಜಾಗವಿದೆ: ಲೋಕಾಯುಕ್ತಕ್ಕೆ ದೂರು ಕೊಡಬಹುದು, ವಿಚಾರಿಸುವ ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ಆರೋಪ ಮಾಡುವುದಕ್ಕೂ ಕಲಮಿನಲ್ಲಿ ವಿನಾಯಿತಿ ಇದೆ. ಹೀಗೆ ಊಹೆಯನ್ನು ತೆಗೆದ ಬರಹ ಹೆಚ್ಚು ಹರಿತವಾಗಿರುವುದಷ್ಟೇ ಅಲ್ಲ, ಕಾನೂನಿನ ಕಣ್ಣಿನಲ್ಲೂ ಹೆಚ್ಚು ಗಟ್ಟಿ ನೆಲದ ಮೇಲೆ ನಿಂತಿರುತ್ತದೆ.

ತಪ್ಪು ಕಲ್ಪನೆ 4: ಬೇಡ ಅನ್ನಿಸಿದರೆ ಅಳಿಸಿ, ಕ್ಷಮೆ ಕೇಳಿದರಾಯಿತು

ಸತ್ಯ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು 15 ನಿಮಿಷ, ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡೂವರೆ ದಿನ ಅವಕಾಶವಿದೆ. ಫೇಸ್‌ಬುಕ್ಕಿನಲ್ಲಿ ಪೋಸ್ಟ್ ತಿದ್ದಿದರೆ ಹಳೆಯ ರೂಪವೂ ತಿದ್ದುಪಡಿಯ ಇತಿಹಾಸದಲ್ಲಿ ಓದಲು ಸಿಗುತ್ತದೆ. ಅಷ್ಟರೊಳಗೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರೆ ಈ ಗಡುವುಗಳಿಂದ ಏನೂ ಪ್ರಯೋಜನವಿಲ್ಲ. ತಮಿಳು ನಟ, ರಾಜಕಾರಣಿ ಎಸ್.ವಿ. ಶೇಖರ್ ಅವರ ಪ್ರಕರಣ ಇದಕ್ಕೆ ಸಾಕ್ಷಿ. 2018ರಲ್ಲಿ ಅವರು ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸುವ, ಬೇರೊಬ್ಬರು ಬರೆದ ಬರಹವನ್ನು ಫೇಸ್‌ಬುಕ್ಕಿನಲ್ಲಿ ಹಂಚಿದರು. ಬೇಗನೆ ಅಳಿಸಿ ಕ್ಷಮೆಯನ್ನೂ ಕೇಳಿದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಕೂಡ ಕೈಹಾಕಲಿಲ್ಲ. ಮುಂದಿನ ವರ್ಷ ಚೆನ್ನೈನ ವಿಶೇಷ ನ್ಯಾಯಾಲಯ ಅವರಿಗೆ ಒಂದು ತಿಂಗಳ ಸಜೆ ವಿಧಿಸಿತು. ಕ್ಷಮೆ ಕೇಳುವುದು ಒಳ್ಳೆಯದೇ, ಆದರೆ ಅದು ನಡೆದದ್ದನ್ನು ನಡೆಯದಂತೆ ಮಾಡುವುದಿಲ್ಲ. ಕಳಿಸುವುದಕ್ಕೆ ಮುಂಚಿನ ತಿದ್ದುಪಡಿಗೆ ಮಾತ್ರ ಆ ಶಕ್ತಿ ಇದೆ.

ಇಷ್ಟು ಹೇಳಿದ ಮೇಲೂ ಇಬ್ಬರು ಒಪ್ಪದೆ ಇರಬಹುದು. ಒಬ್ಬರ ಆಕ್ಷೇಪ ಹೀಗಿರುತ್ತದೆ: ಅಧಿಕಾರವಿಲ್ಲದವರ ಬಳಿ ಇರುವುದು ಸಿಟ್ಟೊಂದೇ, ಅದನ್ನೂ ಮೆತ್ತಗೆ ಮಾಡು ಎನ್ನುವುದು ಅಧಿಕಾರದಲ್ಲಿರುವವರ ಪರ ಮಾತು. ಇದು ತೂಕವುಳ್ಳ ಆಕ್ಷೇಪ. ನಯವಾಗಿ ಮಾತಾಡು ಎಂಬ ಉಪದೇಶ ಎಷ್ಟೋ ಸಲ ಬಾಯಿ ಮುಚ್ಚಿಸುವ ಉಪಾಯವಾಗಿ ಬಳಕೆಯಾಗಿದೆ. ಆದರೆ ಇಲ್ಲಿ ಹೇಳುತ್ತಿರುವುದು ನಯದ ಮಾತಲ್ಲ. ‘ನನಗೆ ಸಿಟ್ಟು ಬಂದಿದೆ’ ಎಂದು ಬರೆಯಿರಿ, ‘ಇದು ಅನ್ಯಾಯ’ ಎಂದು ಬರೆಯಿರಿ. ತೆಗೆಯಬೇಕಾದದ್ದು ಕೈಯಲ್ಲಿ ಆಧಾರವಿಲ್ಲದ ಮಾತನ್ನು ಮಾತ್ರ. ಏಕೆಂದರೆ ವಕೀಲರನ್ನು ಇಟ್ಟುಕೊಂಡು ನೋಟಿಸು ಕಳಿಸುವ ಅನುಕೂಲ ಇರುವುದು ಬಲವುಳ್ಳವರಿಗೆ. ಬಲವಿಲ್ಲದವರು ಅವರ ಕೈಗೆ ಅಂಥ ಹಿಡಿಕೆ ಕೊಡಬಾರದು.

ಇನ್ನೊಬ್ಬರು ಕೇಳುತ್ತಾರೆ: ಕೊಡಲಿ ಬೀಳುತ್ತಿರುವಾಗ ಒಂದು ರಾತ್ರಿ ಕಾಯುವುದು ಹೇಗೆ? ಕಾಯಬೇಕಿಲ್ಲ. ಫೋಟೊ, ಜಾಗ, ಹೊತ್ತು, ‘ಅನುಮತಿ ಪತ್ರ ತೋರಿಸಿ’ ಎಂಬ ಬೇಡಿಕೆ, ಇಷ್ಟನ್ನು ಆ ಕ್ಷಣವೇ ಹಾಕಿ. ತುರ್ತಾಗಿ ಬೇಕಾಗುವುದು ಸಂಗತಿ. ಯಾರು ಯಾಕೆ ಹೀಗೆ ಮಾಡಿದರು ಎಂಬ ಊಹೆಗೆ ತುರ್ತು ಇಲ್ಲ, ಅದು ನಾಳೆಯವರೆಗೆ ಕಾಯಬಲ್ಲದು. ಊಹೆ, ಬೈಗುಳ ತೆಗೆದ ಮೇಲೆ ಕರಡಿನಲ್ಲಿ ಏನೂ ಉಳಿಯದಿದ್ದರೆ, ಹೇಳಬೇಕಾದ ವಿಷಯ ಇನ್ನೂ ಸಿಕ್ಕಿಲ್ಲ ಎಂದು ಅರ್ಥ. ಆಗ ಮಾಡಬೇಕಾದ ಕೆಲಸ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆದೇಶದ ಪ್ರತಿ ತರಿಸಿಕೊಳ್ಳುವುದು. ಅದು ಕೈಗೆ ಬಂದ ದಿನ ಬರೆಯುವ ಪೋಸ್ಟನ್ನು ಯಾರೂ ಬರೀ ಸಿಟ್ಟು ಎಂದು ತಳ್ಳಿಹಾಕಲಾರರು.