ಹಂಚಿದ್ದು ಲೇಖನ, ತಲುಪಿದ್ದು ತಲೆಬರಹ

ಸುದ್ದಿ ಆ್ಯಪ್‌ನಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಳ್ಳೆಯ ಲೇಖನ ಓದಿ, ಊರಿನಲ್ಲಿರುವ ಅಣ್ಣನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೀರಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಾಗ ಅವರು ತೆರೆದು ನೋಡಿದರೆ ತಲೆಬರಹ, ಲಿಂಕ್ ಬಿಟ್ಟರೆ ಬೇರೇನೂ ಇಲ್ಲ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದು ಲೇಖನದಲ್ಲೇ ಉಳಿಯಿತು.

ಇದು ಫೋನಿನ ದೋಷವಲ್ಲ. ಶೇರ್ ಗುಂಡಿ ಒತ್ತಿದಾಗ ಏನನ್ನು ದಾಟಿಸಬೇಕೆಂದು ತೀರ್ಮಾನಿಸುವುದು ಕಳಿಸುವ ಆ್ಯಪ್. ಆಂಡ್ರಾಯ್ಡ್‌ನಲ್ಲಿ ಅದಕ್ಕೆ `EXTRA_TEXT` ಎಂಬ ಜಾಗವಿದೆ. ಹೆಚ್ಚಿನ ಸುದ್ದಿ ಆ್ಯಪ್‌ಗಳು ಅಲ್ಲಿ ತಲೆಬರಹ ಮತ್ತು ಲಿಂಕನ್ನಷ್ಟೇ ತುಂಬುತ್ತವೆ. ಓದುಗರು ತಮ್ಮಲ್ಲಿಗೇ ಬರಲಿ ಎಂಬುದು ಪ್ರಕಾಶಕರ ಲೆಕ್ಕ. ವಾಟ್ಸ್‌ಆ್ಯಪ್‌ನಲ್ಲಿ ಕಾಣುವ ಚಿತ್ರ ಮತ್ತು ಎರಡು ಸಾಲಿನ ಸಾರಾಂಶವೂ ಲೇಖನವಲ್ಲ, ಆ ಲಿಂಕಿನ ಪುಟದಿಂದ ಎತ್ತಿಕೊಂಡ ಪರಿಚಯ.

ಕಳಿಸುವ ಮೊದಲೇ ಪರೀಕ್ಷಿಸಬಹುದು. ಅದೇ ಲೇಖನವನ್ನು ಫೋನಿನ ನೋಟ್ಸ್ ಆ್ಯಪ್‌ಗೆ ಶೇರ್ ಮಾಡಿ. ಸಾಮಾನ್ಯವಾಗಿ ಅಲ್ಲಿ ಬಂದಷ್ಟೇ ಅಣ್ಣನಿಗೂ ಹೋಗುತ್ತದೆ.

ಪೂರ್ತಿ ಬರಹ ಬೇಕಿದ್ದರೆ ಲಿಂಕನ್ನು ಕ್ರೋಮ್‌ನಲ್ಲಿ ತೆರೆಯಿರಿ. ಮೂರು ಚುಕ್ಕಿಯ ಮೆನುವಿನಲ್ಲಿ Share, ಅದರೊಳಗೆ Print ಒತ್ತಿ, ಪ್ರಿಂಟರ್ ಬದಲು Save as PDF ಆರಿಸಿ. ಆ ಕಡತವನ್ನು ಕಳಿಸಿದರೆ, ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ಓದಬಹುದು. ಆದರೆ ಚಂದಾದಾರರಿಗೆ ಮಾತ್ರ ತೆರೆಯುವ ಲೇಖನವಾದರೆ, ಲಾಗಿನ್ ಆಗದ ಬ್ರೌಸರ್‌ನಲ್ಲಿ ಮೊದಲ ಕೆಲವು ಸಾಲುಗಳೇ ಪಿಡಿಎಫ್ ಆಗುತ್ತವೆ. ಹಾಗಾಗಿ ಕಳಿಸುವ ಮೊದಲು ಕೊನೆಯ ಪುಟದವರೆಗೆ ಕಣ್ಣಾಡಿಸಿ.