ಸ್ಪರ್ಶರೇಖೆಯ ಓಟ

eˣ = 3x ಸಮೀಕರಣದ x ಬೆಲೆಯನ್ನು ಬೀಜಗಣಿತದ ಮಾಮೂಲು ಹಾದಿಯಲ್ಲಿ ಬಿಡಿಸಿ ಪಡೆಯಲಾಗದು; ಹಂತ ಹಂತವಾಗಿ ಸಮೀಪಿಸಬೇಕು. eˣ − 3x ಎಂಬ ವಕ್ರರೇಖೆ x-ಅಕ್ಷವನ್ನು ದಾಟುವ ಜಾಗವೇ ಉತ್ತರ.

x = 0 ಇದ್ದಾಗ ಇದರ ಬೆಲೆ 1, x = 1 ಇದ್ದಾಗ ಸುಮಾರು −0.28. ಚಿಹ್ನೆ ಬದಲಾಗಿದೆ, ಹಾಗಾಗಿ ಉತ್ತರ ನಡುವೆಲ್ಲೋ ಇದೆ. ಅರ್ಧಿಸುವ ವಿಧಾನ ಈ ಅಂತರವನ್ನು ಮತ್ತೆ ಮತ್ತೆ ಎರಡಾಗಿ ಸೀಳಿ, ಚಿಹ್ನೆ ಬದಲಾಗುವ ಭಾಗವನ್ನು ಉಳಿಸಿಕೊಳ್ಳುತ್ತದೆ. ಅಂತರ 0.00000001ಕ್ಕಿಂತ ಕಿರಿದಾಗಲು 27 ಸಲ ಸೀಳಬೇಕು.

ನ್ಯೂಟನ್ ಹೆಸರಿನ ವಿಧಾನ ಇಳಿಜಾರನ್ನೂ ಬಳಸುತ್ತದೆ. ವಕ್ರರೇಖೆಗೆ ಸ್ಪರ್ಶರೇಖೆ ಎಳೆದು, ಅದು ಅಕ್ಷವನ್ನು ಮುಟ್ಟುವಲ್ಲಿಗೆ ಜಿಗಿಯುವುದು:

x − (eˣ − 3x)/(eˣ − 3)

0ಯಿಂದ ಹೊರಟರೆ 0.5, ಆಮೇಲೆ 0.61006, 0.618997, ನಾಲ್ಕನೆಯದಕ್ಕೇ 0.61906128. ಉತ್ತರದ ಬಳಿ ಪ್ರತಿ ಹೆಜ್ಜೆಗೂ ಸರಿಯಾದ ಅಂಕೆಗಳು ಹೆಚ್ಚುಕಡಿಮೆ ಇಮ್ಮಡಿಯಾಗುವುದೇ ಇದರ ಸೊಗಸು.

ಆದರೆ ಆರಂಭದ ಬಿಂದು ಮುಖ್ಯ. x ಸುಮಾರು 1.0986 ಇರುವಲ್ಲಿ ಸ್ಪರ್ಶರೇಖೆ ಅಡ್ಡಡ್ಡ ಮಲಗುತ್ತದೆ. ಪಕ್ಕದ 1.1ರಿಂದ ಹೊರಟರೆ ಮೊದಲ ಜಿಗಿತವೇ 72ರಾಚೆಗೆ! ಅಲ್ಲಿಂದ ಹೆಜ್ಜೆಗೆ ಸುಮಾರು 1ರಂತೆ ತೆವಳಿ, ಎಪ್ಪತ್ತರಷ್ಟು ಹೆಜ್ಜೆಗಳ ಬಳಿಕ ಸೇರುವುದು ಇನ್ನೊಂದು ಉತ್ತರವಾದ 1.5121ನ್ನು. ಆದ್ದರಿಂದ ಮೊದಲು ನಾಲ್ಕಾರು ಬಾರಿ ಅರ್ಧಿಸಿ, ನಂತರ ಸ್ಪರ್ಶರೇಖೆ ಹಿಡಿಯುವುದು ಜಾಣತನ.