ನಿಮಿಷಕ್ಕೆ 158 ಹೆಜ್ಜೆ

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿದವರನ್ನು ಗಮನಿಸಿದರೆ, ಬೆವರು ಒರೆಸಿಕೊಳ್ಳುವ ಮೊದಲೇ ಅವರ ಕಣ್ಣು ವಾಚಿನ ಕಡೆ ಹೋಗುತ್ತದೆ. ಎಷ್ಟು ದೂರ, ಎಷ್ಟು ಹೊತ್ತು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಅದರ ಕೆಳಗೆ ಇನ್ನೂ ಮೂರು ಅಂಕಿಗಳಿರುತ್ತವೆ. ಕ್ಯಾಡೆನ್ಸ್ 158, ಸ್ಟ್ರೈಡ್ ಲೆಂತ್ 0.97 ಮೀಟರ್, ಗ್ರೌಂಡ್ ಕಾಂಟ್ಯಾಕ್ಟ್ ಟೈಮ್ 290 ಮಿಲಿಸೆಕೆಂಡ್. ಗೊಂದಲ ಶುರುವಾಗುವುದು ಇಲ್ಲಿ.

ಕ್ಯಾಡೆನ್ಸ್ ಎಂದರೆ ಎರಡೂ ಕಾಲು ಸೇರಿ ಒಂದು ನಿಮಿಷದಲ್ಲಿ ಇಟ್ಟ ಹೆಜ್ಜೆಗಳು. ಸ್ಟ್ರೈಡ್ ಲೆಂತ್ ಎಂದು ಹೆಚ್ಚಿನ ವಾಚುಗಳು ತೋರಿಸುವುದು ಒಂದು ಹೆಜ್ಜೆಯ ಉದ್ದ. ಶಾಸ್ತ್ರದ ಪುಸ್ತಕಗಳಲ್ಲಿ ಅದೇ ಪದಕ್ಕೆ ಎರಡು ಹೆಜ್ಜೆ ಎಂಬ ಅರ್ಥವಿದೆ, ಆದ್ದರಿಂದ ಎರಡನ್ನೂ ಹೋಲಿಸಬಾರದು. ಇವೆರಡನ್ನು ಗುಣಿಸಿದರೆ ವೇಗ ಸಿಗುತ್ತದೆ: 158 ಹೆಜ್ಜೆ, ತಲಾ 0.97 ಮೀಟರ್, ಅಂದರೆ ನಿಮಿಷಕ್ಕೆ 153 ಮೀಟರ್. ಒಂದು ಕಿಲೋಮೀಟರಿಗೆ ಸುಮಾರು ಆರೂವರೆ ನಿಮಿಷ.

ಈ ವೇಗದಲ್ಲಿ ಓಡುವವರಿಗೆ ಗೆಳೆಯರು ಕೊಡುವ ಮೊದಲ ಸಲಹೆ, ‘180ಕ್ಕೆ ಏರಿಸಿ’. ಈ 180ರ ಮೂಲ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅಮೆರಿಕದ ತರಬೇತುದಾರ ಜಾಕ್ ಡೇನಿಯಲ್ಸ್ ಅಲ್ಲಿ 46 ಓಟಗಾರರ ಹೆಜ್ಜೆ ಎಣಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಆದರೆ ಅವರೆಲ್ಲ ಒಲಿಂಪಿಕ್ಸ್ ಸ್ಪರ್ಧೆಯ ವೇಗದಲ್ಲಿದ್ದರು ಎಂಬುದು ಸಲಹೆ ಕೊಡುವವರಿಗೆ ಮರೆತುಹೋಗುತ್ತದೆ. ಮೂರು ನಿಮಿಷಕ್ಕೊಂದು ಕಿಲೋಮೀಟರ್ ಓಡುವವರು 185 ಹೆಜ್ಜೆ ಹಾಕಿದರೆ, ಒಂದೊಂದು ಹೆಜ್ಜೆಯೂ 1.8 ಮೀಟರ್ ಆಗುತ್ತದೆ. ನಮ್ಮ ಓಟಗಾರರಿಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಹೆಜ್ಜೆಯ ಉದ್ದದಲ್ಲಿದೆ, ಎಣಿಕೆಯಲ್ಲಿ ಅಷ್ಟಿಲ್ಲ.

ಹಾಗೆಂದು ಕಾಲನ್ನು ಮುಂದಕ್ಕೆ ಚಾಚಿ ಹೆಜ್ಜೆ ಉದ್ದ ಮಾಡಿಕೊಳ್ಳಲು ಹೋದರೆ ಕೆಡುತ್ತದೆ. ವೇಗದ ಓಟಗಾರರ ಹೆಜ್ಜೆ ಉದ್ದವಾಗುವುದು ನೆಲವನ್ನು ಬಲವಾಗಿ ಒತ್ತಿ, ಹಿಂದಕ್ಕೆ ತಳ್ಳಿ, ಗಾಳಿಯಲ್ಲಿ ದೂರ ಸಾಗುವುದರಿಂದ. ಮುಂದಕ್ಕೆ ಚಾಚಿದವರ ಪಾದ ದೇಹಕ್ಕಿಂತ ಬಹಳ ಮುಂದೆ, ಮಂಡಿ ನೆಟ್ಟಗಿರುವಾಗಲೇ ನೆಲಕ್ಕೆ ಬೀಳುತ್ತದೆ. ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದಂತೆ. ಆ ಹೊಡೆತವನ್ನು ಮಂಡಿ ತಾಳಬೇಕು. ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದರೆ ಇದು ಕಣ್ಣಿಗೇ ಕಾಣುತ್ತದೆ. ವಾಚು ಮಾತ್ರ ಇದನ್ನು ಹೇಳಲಾರದು.

ಇಂಥವರಿಗೆ ಕ್ಯಾಡೆನ್ಸ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗ ಬದಲಿಸದೆ ಹೆಜ್ಜೆಗಳನ್ನಷ್ಟೇ ಶೇ 5ರಿಂದ 10ರಷ್ಟು ಹೆಚ್ಚಿಸಿದಾಗ ಮಂಡಿ ಮತ್ತು ಸೊಂಟದ ಕೀಲಿನ ಮೇಲಿನ ಭಾರ ತಗ್ಗಿತು. ನಮ್ಮ ಓಟಗಾರರ 158ಕ್ಕೆ ಶೇ 5 ಸೇರಿಸಿದರೆ 166. ಅದೇ ಆರೂವರೆ ನಿಮಿಷದ ವೇಗಕ್ಕೆ ಹೆಜ್ಜೆ ಸುಮಾರು 92 ಸೆಂಟಿಮೀಟರಿಗೆ ಇಳಿಯುತ್ತದೆ, ಬರೀ ಐದು ಸೆಂಟಿಮೀಟರ್ ಕಡಿಮೆ. ಪಾದ ದೇಹದ ಹತ್ತಿರ ಬೀಳಲು ಅಷ್ಟು ಸಾಕಾಗಬಹುದು. ಮೆಟ್ರೊನೋಮ್ ಆ್ಯಪನ್ನು 166ಕ್ಕೆ ಇಟ್ಟು ಮೊದಲ ವಾರ ಓಟದ ನಡುವೆ ಐದೈದು ನಿಮಿಷ ಅದರ ತಾಳಕ್ಕೆ ಹೆಜ್ಜೆ ಹಾಕಿ, ಉಳಿದ ಹೊತ್ತು ಎಂದಿನಂತೆ ಓಡಬಹುದು. ತಾಳ ಹೆಚ್ಚಿದಾಗ ಗೊತ್ತಿಲ್ಲದೆ ವೇಗವೂ ಹೆಚ್ಚುತ್ತದೆ. ಅದನ್ನು ತಡೆಯುವುದೇ ಕಷ್ಟದ ಕೆಲಸ. ಮೀನಖಂಡ ನೋಯತೊಡಗಿದರೆ ಅವಸರವಾಯಿತೆಂದು ತಿಳಿದು ಹಿಂದೆ ಸರಿಯಬೇಕು.

ಮೂರನೆಯ ಅಂಕಿ ಪಾದ ನೆಲದಲ್ಲಿ ಎಷ್ಟು ಹೊತ್ತು ಇತ್ತು ಎಂಬುದು. 158ರ ಲಯದಲ್ಲಿ ಒಂದು ಹೆಜ್ಜೆಗೆ ಸಿಗುವುದು 380 ಮಿಲಿಸೆಕೆಂಡ್. ಅದರಲ್ಲಿ 290 ನೆಲದ ಮೇಲೆ ಕಳೆದರೆ ಗಾಳಿಯಲ್ಲಿರುವುದು 90 ಮಾತ್ರ. ಹವ್ಯಾಸಿ ಓಟಗಾರರಲ್ಲಿ 250ರಿಂದ 300 ಸಾಮಾನ್ಯ, ಅಗ್ರಶ್ರೇಣಿಯವರು ಸ್ಪರ್ಧೆಯಲ್ಲಿ 200ಕ್ಕಿಂತ ಕೆಳಗಿರುತ್ತಾರೆ. ಆದರೆ ವೇಗ ಏರಿದಂತೆ ಈ ಅಂಕಿ ತಾನಾಗಿ ಇಳಿಯುತ್ತದೆ. ಇದನ್ನೇ ಗುರಿ ಮಾಡಿಕೊಂಡವರು ಕಾಲನ್ನು ಬೇಗ ಎತ್ತಲು ಹೋಗಿ ಜಿಗಿಯತೊಡಗುತ್ತಾರೆ. ವಾಚಿನಲ್ಲಿ ವರ್ಟಿಕಲ್ ಆಸಿಲೇಷನ್ ಎಂಬ ಅಂಕಿ ಏರುತ್ತಿದ್ದರೆ ಆಗಿರುವುದು ಅದೇ: ಶಕ್ತಿ ಮುಂದಕ್ಕಲ್ಲ, ಮೇಲಕ್ಕೆ ಹೋಗುತ್ತಿದೆ. ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ತಿಂಗಳುಗಟ್ಟಲೆ ಓಡಿದ ದಾಖಲೆಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಈ ಅಂಕಿಗೆ ಅರ್ಥ ಬರುತ್ತದೆ.

ಕೊನೆಗೆ ಸರಾಸರಿಯ ಮಾತು. ಒಂದು ಗಂಟೆಯಲ್ಲಿ 50 ನಿಮಿಷ 164ರ ಲಯದಲ್ಲಿ ಓಡಿ, ಹತ್ತು ನಿಮಿಷ 110ರಲ್ಲಿ ನಡೆದವರಿಗೆ ವಾಚು 155 ಎಂದು ತೋರಿಸಬಹುದು. ಅವರು ಒಂದು ಕ್ಷಣವೂ ಆ ಲಯದಲ್ಲಿ ಓಡಿಲ್ಲ. ಮರಗಳ ದಟ್ಟಣೆಯಲ್ಲಿ ಜಿಪಿಎಸ್ ದೂರವನ್ನು ತಪ್ಪಾಗಿ ಅಳೆದರೆ ಹೆಜ್ಜೆಯ ಉದ್ದವೂ ತಪ್ಪುತ್ತದೆ. ಅನುಮಾನ ಬಂದಾಗ ಓಡುತ್ತಲೇ ಬಲಗಾಲು ನೆಲಕ್ಕೆ ಬೀಳುವುದನ್ನು ಅರ್ಧ ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬಹುದು. 41 ಬಂದರೆ 164.